ಎಂಟು ಮೆಸೇಜು, ಎರಡು ನೀಲಿ ಟಿಕ್: ಮೂರನೇ ಸಲ ಹೇಗೆ ಕೇಳೋದು?

*ಜಯನಗರದ ಹೆಡ್ ಆಫೀಸಿನಲ್ಲಿ ಸಪ್ಲೈಯರ್‌ಗಳ ಬಿಲ್ ಪಾಸ್ ಮಾಡೋದು ನನ್ನ ಕೆಲಸ. ಫ್ಯಾಕ್ಟರಿ ಪೀಣ್ಯದಲ್ಲಿದೆ. ಸೆಪ್ಟೆಂಬರ್ 1ಕ್ಕೆ ಬಂದ 400 ಬ್ರ್ಯಾಕೆಟ್‌ಗೆ ಸ್ಟೋರ್ಸ್‌ನ ಹಿರಿಯರೊಬ್ಬರು ಜಿಆರ್‌ಎನ್, ಅಂದ್ರೆ ಸರಕು ಬಂದು ಸೇರಿದೆ ಅನ್ನೋ ಚೀಟಿ, ಮಾಡಬೇಕು, ಮಾಡ್ತಿಲ್ಲ. ಅದಿಲ್ಲದೆ ನಾನು ದುಡ್ಡು ಬಿಡೋ ಹಾಗಿಲ್ಲ. ಸೆ. 22ಕ್ಕೆ ವಾಟ್ಸ್ಆ್ಯಪ್ ಮಾಡಿದೆ: "ಸರ್", "ಗುಡ್ ಮಾರ್ನಿಂಗ್ ಸರ್", "ಆ ಜಿಆರ್‌ಎನ್ ಆಯ್ತಾ ಸರ್?", ಆಮೇಲೆ ಬಿಲ್ಲಿನ ಫೋಟೋ. 29ಕ್ಕೆ ಮತ್ತೆ: "ಸರ್ ಅರ್ಜೆಂಟ್", "ವೆಂಡರ್ ಫೋನ್ ಮೇಲೆ ಫೋನ್ ಮಾಡ್ತಿದಾರೆ", "ಸ್ವಲ್ಪ ನೋಡಿ ಸರ್ ಪ್ಲೀಸ್", "??". ಎಲ್ಲಕ್ಕೂ ನೀಲಿ ಟಿಕ್, ಉತ್ತರ ಮಾತ್ರ ಇಲ್ಲ. ಗ್ರೂಪಿನಲ್ಲಿ ದಿನಾ ಹೂವಿನ ಗುಡ್ ಮಾರ್ನಿಂಗ್ ಹಾಕ್ತಾರೆ! ಮೂರನೇದು ಟೈಪ್ ಮಾಡಿಟ್ಟಿದೀನಿ: "ಸರ್ ಇದು ಮೂರನೇ ಸಲ ಕೇಳ್ತಿರೋದು", "ಇನ್ನೂ ಕಳಿಸಿಲ್ಲ ಅಂದ್ರೆ ಹೇಗೆ ಸರ್", "ಮ್ಯಾನೇಜರ್‌ಗೆ ಹೇಳಬೇಕಾಗತ್ತೆ", "ಬೇಜಾರು ಮಾಡ್ಕೋಬೇಡಿ". ಕಳಿಸೋಕೆ ಧೈರ್ಯ ಬರ್ತಿಲ್ಲ. ಅಪ್ಪನ ವಯಸ್ಸಿನವರು, ನನ್ನ ಮದುವೆಗೂ ಬಂದಿದ್ರು. ಪ್ರತಿ ಬುಧವಾರ ಸಂಜೆ 5ಕ್ಕೆ ಬಾಕಿ ಪಟ್ಟಿ ಎರಡೂ ಕಡೆಯ ಮ್ಯಾನೇಜರ್‌ಗಳಿಗೆ ಹೋಗತ್ತೆ. ಅವರಿಗೆ ನೋವಾಗಬಾರದು ಅಂತ ಈ ಬಿಲ್ ಅದರಲ್ಲಿ ಹಾಕೇ ಇಲ್ಲ. ಸಪ್ಲೈಯರ್ ನೋಡಿದ್ರೆ ದೀಪಾವಳಿ ಬೋನಸ್ ಕೊಡಬೇಕು ಅಂತಾರೆ. ಏನು ಬರೀಲಿ?*

*— ಹೆಸರು ಬೇಡ, ಬೆಂಗಳೂರು*

ಮೊದಲು ಆ ಎಂಟು ಮೆಸೇಜುಗಳನ್ನು ಅವರ ಫೋನಿನಲ್ಲಿ ಓದಿ, ನಿಮ್ಮ ಫೋನಿನಲ್ಲಲ್ಲ. ಚಾಟ್ ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಕಾಣುವುದು ಕೊನೆಯದೊಂದೇ: "??". ಅದನ್ನು ನೋಡಿ ಯಾವ ಸರಕು, ಯಾವ ಬಿಲ್ಲು ಎಂದು ಯಾರಿಗೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಒಳಗೆ ಹೋಗಿ, ಒಂದು ವಾರ ಹಿಂದಕ್ಕೆ ಸರಿಸಿ, ಫೋಟೋ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ ಬಿಲ್ ನಂಬರ್ ಹುಡುಕಬೇಕು. ಗಾಡಿ ಇಳಿಸುತ್ತಿರುವವರು ಈ ನಾಲ್ಕು ಕೆಲಸ ಮಾಡುವುದಿಲ್ಲ. ಒಳಗೆ ಹೋಗುತ್ತಾರೆ, "ಆಮೇಲೆ ನೋಡೋಣ" ಅಂದುಕೊಂಡು ಹೊರಗೆ ಬರುತ್ತಾರೆ. ಅಷ್ಟಕ್ಕೇ ನಿಮಗೆ ನೀಲಿ ಟಿಕ್ ಬರುತ್ತದೆ. ಅವರ ಕಡೆ ಓದದ ಮೆಸೇಜಿನ ಹಸಿರು ಗುರುತು ಹೋಗಿ, ನಿಮ್ಮ ಚಾಟು ಹೂವಿನ ಗುಡ್ ಮಾರ್ನಿಂಗ್‌ಗಳ ಕೆಳಗೆ ಜಾರುತ್ತದೆ. ನೀಲಿ ಟಿಕ್ ಹೇಳುವುದು "ತೆರೆದರು" ಎಂದಷ್ಟೇ. ಅದನ್ನು "ಗೊತ್ತಿದ್ದೂ ಸುಮ್ಮನಿದ್ದಾರೆ" ಎಂದು ಓದಿಕೊಂಡದ್ದು ನೀವು.

ಎಂಟರಲ್ಲಿ ಕೆಲಸದ ವಿಷಯ ಎಷ್ಟಿದೆ ಎಂದು ಬೇರ್ಪಡಿಸಿ ನೋಡಿದರೆ ಸಿಗುವುದು ಎರಡೇ: ಒಂದು ಪ್ರಶ್ನೆ, ಒಂದು ಫೋಟೋ. ಉಳಿದ ಆರರಲ್ಲಿ ಇರುವುದು ಕರೆಯುವುದು ಮತ್ತು ಒತ್ತುವುದು. ಎಷ್ಟು ಸರಕು, ಯಾವತ್ತು ಬಂದದ್ದು, ಯಾವತ್ತಿನೊಳಗೆ ಬೇಕು, ಯಾವುದೂ ಇಲ್ಲ. "ಆ ಜಿಆರ್‌ಎನ್" ಎಂದಿದ್ದೀರಿ. ನಿಮ್ಮ ಮೇಜಿನ ಮೇಲೆ "ಆ" ಎನ್ನುವುದು ಒಂದೇ ಇರಬಹುದು, ಸ್ಟೋರ್ಸ್‌ನಲ್ಲಿ ಹಾಗಲ್ಲ. ಇನ್ನೊಂದು ಮಾತು: 29 ಎಂದರೆ ಆಯುಧಪೂಜೆಗೆ ಎರಡೇ ದಿನ. ರ‍್ಯಾಕ್ ಒರೆಸಿ, ಮೆಷಿನ್ ತೊಳೆದು, ಬೂದುಗುಂಬಳ ತರಿಸುವ ಗಡಿಬಿಡಿಯಲ್ಲಿ ಬಂದ "ಅರ್ಜೆಂಟ್"ಗೆ ಬೆಲೆ ಸಿಗುವುದು ಕಷ್ಟ.

ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಪ್ರಶ್ನೆಯ ಆಕಾರದಲ್ಲಿದೆ. "ಆಯ್ತಾ ಸರ್?" ಎಂದರೆ ಹೌದು ಅಥವಾ ಇಲ್ಲ ಎನ್ನಬೇಕು. ಆಗಿದ್ದರೆ ಅವರು ಹೇಳಿರುತ್ತಿದ್ದರು. ಆಗಿಲ್ಲ ಎಂದು ಬರೆದರೆ ಯಾಕೆ ಎಂದು ಕೇಳುತ್ತೀರಿ, ಆ "ಯಾಕೆ"ಯೇ ಬಹುಶಃ ಅವರ ಕಷ್ಟ. ಸ್ಟೋರ್ಸ್‌ನವರು ಐದು ವಾರ ಜಿಆರ್‌ಎನ್ ಹಿಡಿದುಕೊಂಡಿದ್ದರೆ ಸೋಮಾರಿತನಕ್ಕಿಂತ ಮೊದಲು ಲೆಕ್ಕದ ಮೇಲೆ ಅನುಮಾನ ಪಡಬೇಕು. ಎಣಿಕೆಯಲ್ಲಿ ಕಡಿಮೆ ಬಂದಿರಬಹುದು, ಕ್ವಾಲಿಟಿಯವರು ಪಾಸ್ ಮಾಡಿರಲಿಕ್ಕಿಲ್ಲ, ಇಲ್ಲವೇ ಚಲನ್ನಿಗೆ ಸಹಿ ಹಾಕಿದ ಮೇಲೆ ಡಬ್ಬ ತೆರೆದಿರಬಹುದು. 400 ಎಂದು ಜಿಆರ್‌ಎನ್ ಮಾಡಿಬಿಟ್ಟು ನಾಳೆ ಲೈನಿನಲ್ಲಿ 388 ಸಿಕ್ಕರೆ ಆ 12ಕ್ಕೆ ಜವಾಬು ಹೇಳುವವರು ಅವರು, ನೀವಲ್ಲ. ಹಾಗಾಗಿ ಮೂರನೇ ನೆನಪೋಲೆ ಗಟ್ಟಿಯಾಗಿ ಕೇಳಬೇಕು, ಜೊತೆಗೆ ಆ ಕಷ್ಟವನ್ನು ಹೇಳಿಕೊಳ್ಳಲು ಒಂದು ಬಾಗಿಲನ್ನೂ ಬಿಟ್ಟಿರಬೇಕು.

ಅಕ್ಟೋಬರ್ 6, ಸೋಮವಾರ ಕಳಿಸುವ ಲೆಕ್ಕದಲ್ಲಿ ಹೀಗೆ ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬೇಡ, ಮೇಲ್‌ನಲ್ಲಿ. ಬಿಲ್ ನಂಬರ್ ಇಲ್ಲಿ ಉದಾಹರಣೆಗೆ 218 ಎಂದೂ, ಒಂದು ಬ್ರ್ಯಾಕೆಟ್‌ಗೆ 460 ರೂಪಾಯಿ ಎಂದೂ ಇಟ್ಟುಕೊಂಡಿದೆ.

ವಿಷಯ: ಬಿಲ್ 218, 400 ಬ್ರ್ಯಾಕೆಟ್: ಜಿಆರ್‌ಎನ್ ಬುಧವಾರ 3 ಗಂಟೆಗೆ ಬೇಕು

> ನಮಸ್ಕಾರ ಸರ್,
>
> ಸೆಪ್ಟೆಂಬರ್ 1ರಂದು ಸ್ಟೋರ್ಸ್‌ಗೆ ಬಂದ 400 ಬ್ರ್ಯಾಕೆಟ್‌ಗಳ ಜಿಆರ್‌ಎನ್ ನನಗೆ ಬಂದಿಲ್ಲ. ಬಿಲ್ ನಂ. 218, ಜಿಎಸ್‌ಟಿ ಸೇರಿ 2,17,120 ರೂಪಾಯಿ. ಸೆ. 22 ಮತ್ತು 29ರಂದು ವಾಟ್ಸ್ಆ್ಯಪ್‌ನಲ್ಲಿ ಕೇಳಿದ್ದೆ. ಬಿಲ್ಲು, ಚಲನ್ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ.
>
> ಇವುಗಳಲ್ಲಿ ಯಾವುದು ಎಂದು ನಂಬರ್ ಬರೆದರೂ ಸಾಕು:
> 1. 400 ಸರಿ ಇದೆ, ಜಿಆರ್‌ಎನ್ ಮಾಡುತ್ತೇನೆ.
> 2. ಕಡಿಮೆ ಬಂದಿದೆ ಅಥವಾ ರಿಜೆಕ್ಷನ್ ಇದೆ. (ಎಷ್ಟು?)
> 3. ಬೇರೆಯವರ ಹತ್ತಿರ ನಿಂತಿದೆ. (ಯಾರು?)
>
> ಬುಧವಾರ, ಅಕ್ಟೋಬರ್ 8, ಮಧ್ಯಾಹ್ನ 3 ಗಂಟೆಯೊಳಗೆ ತಿಳಿಸಿ. ಜಿಆರ್‌ಎನ್ ಬಂದರೆ ಗುರುವಾರದ ಪೇಮೆಂಟಿಗೆ ಸೇರಿಸುತ್ತೇನೆ. ಏನೂ ಬರದಿದ್ದರೆ ಬುಧವಾರದ ಬಾಕಿ ಪಟ್ಟಿಗೆ ಹಾಕುತ್ತೇನೆ. ಈ ಸಪ್ಲೈಯರ್‌ಗೆ ಹಣ ಸೇರಲು ಕೊನೆ ದಿನ ಅಕ್ಟೋಬರ್ 16.
>
> ಬರೆಯುವುದು ಕಷ್ಟವಾದರೆ ಫೋನ್ ಮಾಡಿ. ನೀವು ಹೇಳಿದ್ದನ್ನು ನಾನೇ ಮೇಲ್‌ನಲ್ಲಿ ಬರೆದು ಕಳಿಸುತ್ತೇನೆ.

ನಿಮ್ಮ ಚೂರುಗಳು ಇದರೊಳಗೆ ಎಲ್ಲಿ ಹೋದವು ಎಂದು ನೋಡಿದರೆ ಮುಂದಿನ ಸಲ ನೀವೇ ಬರೆಯಬಲ್ಲಿರಿ.

"ಇನ್ನೂ ಕಳಿಸಿಲ್ಲ" ಎನ್ನುವುದು "ನನಗೆ ಬಂದಿಲ್ಲ" ಆಗಿದೆ. ಎರಡೂ ಸತ್ಯವೇ. ಮೊದಲನೆಯದರಲ್ಲಿ ಕಳಿಸದೇ ಇದ್ದವರು ಒಬ್ಬರಿದ್ದಾರೆ, ಎರಡನೆಯದರಲ್ಲಿ ಬಾರದ ಒಂದು ಕಾಗದ ಇದೆ. ಕನ್ನಡದಲ್ಲಿ ಈ "ನನಗೆ" ಇರುವುದೇ ಇಂಥ ಹೊತ್ತಿಗೆ. "ನೀವು" ತರದೆ ತಪ್ಪನ್ನು ಹೇಳಿ ಮುಗಿಸಬಹುದು. "ಇನ್ನೂ" ಪದವನ್ನಂತೂ ಪೂರಾ ಕಿತ್ತುಹಾಕಿ. ನೇರವಾಗಿ ಮಾತಾಡುವಾಗ ಅದು ಹಗುರ, ಬರಹದಲ್ಲಿ ಅದೇ ಪದ ಕಣ್ಣರಳಿಸಿ ನಿಲ್ಲುತ್ತದೆ.

"ಇದು ಮೂರನೇ ಸಲ" ಎನ್ನುವುದು ಎರಡು ತಾರೀಖುಗಳಾಗಿದೆ. ಮೂರು ಎಂದು ಎಣಿಸಿ ತೋರಿಸಿದರೆ ಅದು ದೂರು, ತಾರೀಖು ಬರೆದರೆ ದಾಖಲೆ. ಓದುವವರಿಗೆ ಎಣಿಸಲು ಬರುತ್ತದೆ. ನಾಳೆ ಈ ಮೇಲ್ ಮ್ಯಾನೇಜರ್ ಕೈಗೆ ಹೋದರೂ ತಾರೀಖುಗಳೇ ಉಳಿಯುವುದು, "ಎಷ್ಟು ಸಲ ಹೇಳೋದು" ಎನ್ನುವ ದನಿಯಲ್ಲ.

ಇನ್ನು ಕ್ರಿಯಾಪದ. "ತಿಳಿಸ್ತೀರಾ?" ಎಂದರೆ "ಇಲ್ಲ" ಎನ್ನುವ ಉತ್ತರಕ್ಕೂ ಜಾಗ ಕೊಟ್ಟ ಹಾಗೆ. "ಕಳಿಸಿಕೊಡಿ"ಯಲ್ಲಿರುವ "ಕೊಡಿ" ಅವರ ಕೆಲಸವನ್ನು ನಿಮಗೆ ಮಾಡುವ ಉಪಕಾರವಾಗಿ ಬದಲಾಯಿಸುತ್ತದೆ. ಮೊದಲ ಸಲ ಅದು ಚೆನ್ನ, ಮೂರನೇ ಸಲಕ್ಕೆ ನಿಮ್ಮನ್ನೇ ಕೆಳಗಿಳಿಸುತ್ತದೆ. "ತಿಳಿಸಬೇಕಾಗಿ ವಿನಂತಿ" ಸರ್ಕಾರಿ ಸುತ್ತೋಲೆಯ ಭಾಷೆ, ಮದುವೆಗೆ ಬಂದವರಿಗೆ ಬರೆದರೆ ಮುನಿಸಿಕೊಂಡಂತೆ ಕಾಣುತ್ತದೆ. "ತಿಳಿಸಿ" ಎಂಬುದೇ ಸಾಕು. ಅದರ ಬಹುವಚನದಲ್ಲಿ ಮರ್ಯಾದೆ ಆಗಲೇ ಇದೆ, ಅದರ ಮೇಲೆ ಪ್ಲೀಸ್ ಸವರಬೇಕಿಲ್ಲ. ಐದು ಸಲ ಬಂದಿದ್ದ "ಸರ್" ಕೂಡ ಹಾಗೆಯೇ, ಶುರುವಿನಲ್ಲಿ ಒಂದು ಇದ್ದರೆ ಅದು ಗೌರವ, ಪ್ರತಿ ಸಾಲಿಗೂ ಅಂಟಿದರೆ ಗೋಗರೆತ.

"ಸ್ವಲ್ಪ ನೋಡಿ" ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಬೆಂಗಳೂರಿನ ಆಫೀಸುಗಳಲ್ಲಿ ಅತಿ ಹೆಚ್ಚು ಸವೆದ ಮಾತು ಅದು. "ನೋಡಿ" ಎಂದು ಕೇಳಿದರೆ ನೋಡುತ್ತಾರೆ. ನೋಡಿದ್ದಾರೆ ಎಂಬುದಕ್ಕೆ ನಿಮ್ಮಲ್ಲಿ ಎಂಟು ನೀಲಿ ಟಿಕ್ ಸಾಕ್ಷಿ ಇವೆ. ಮಾಡಬೇಕಾದದ್ದು ಏನೋ ಅದನ್ನೇ ಬರೆಯಬೇಕು: ನಂಬರ್ ಬರೆಯಿರಿ, ಎಷ್ಟು ಕಡಿಮೆ ಹೇಳಿ, ಯಾರ ಹತ್ತಿರ ಇದೆ ತಿಳಿಸಿ.

"ಅರ್ಜೆಂಟ್" ಹೋಗಿ ಅಲ್ಲಿಗೆ ವಾರ, ತಾರೀಖು, ಗಂಟೆ ಮೂರೂ ಬಂದಿವೆ. ಮೂರೂ ಇರಲಿ. "ಬುಧವಾರ" ಎಂದಷ್ಟೇ ಬರೆದರೆ ಮುಂದಿನ ಬುಧವಾರ ಅಂದುಕೊಂಡೆ ಎನ್ನಬಹುದು. "ಸಂಜೆಯೊಳಗೆ" ಎಂದರೆ ಕೆಲವರಿಗೆ 4, ಕೆಲವರಿಗೆ 8. ಗಂಟೆ 3 ಯಾಕೆಂದರೆ ನಿಮ್ಮ ಪಟ್ಟಿ 5ಕ್ಕೆ ಹೊರಡುತ್ತದೆ. ಬಂದ ಉತ್ತರವನ್ನು ಸಿಸ್ಟಮ್‌ನಲ್ಲಿ ನೋಡಿ ಬಿಲ್ಲು, ಆರ್ಡರ್, ಜಿಆರ್‌ಎನ್ ಮೂರೂ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಲು ನಿಮಗೂ ಎರಡು ಗಂಟೆ ಬೇಕು.

ಗಟ್ಟಿತನ ಇರುವುದು ಒಂದೇ ಸಾಲಿನಲ್ಲಿ: "ಏನೂ ಬರದಿದ್ದರೆ ಬುಧವಾರದ ಬಾಕಿ ಪಟ್ಟಿಗೆ ಹಾಕುತ್ತೇನೆ." ಇದನ್ನು ನಿಮ್ಮ "ಮ್ಯಾನೇಜರ್‌ಗೆ ಹೇಳಬೇಕಾಗತ್ತೆ" ಪಕ್ಕದಲ್ಲಿಟ್ಟು ಓದಿ. "ಹೇಳಬೇಕಾಗತ್ತೆ" ಎಂಬುದು ಎತ್ತಿದ ಕೈ, ಹೊಡೆಯುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾವಾಗ, ಏನು ಹೇಳುತ್ತೀರಿ ಎಂದು ಗೊತ್ತಿಲ್ಲದ್ದರಿಂದ ಅದು ಬೆದರಿಕೆಯಾಗುತ್ತದೆ. "ಹಾಕುತ್ತೇನೆ" ಎಂಬುದರಲ್ಲಿ ಆಗುವುದೇನು ಎಂದು ಪೂರ್ತಿ ತಿಳಿದಿದೆ, ಅದು ಯಾರ ಬಿಲ್ಲಿಗಾದರೂ ಆಗುವಂಥದ್ದು, ಮಾಡುವ ಅಧಿಕಾರವೂ ನಿಮ್ಮದೇ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಸಾಲು ಬರೆಯಬೇಡಿ. "ಇನ್ನು ಮುಂದೆ ಸ್ಟೋರ್ಸ್ ಬಿಲ್ ಮುಟ್ಟಲ್ಲ" ಎಂದು ಬರೆದರೆ ಅದು ನಿಮ್ಮಿಂದ ಆಗದ ಮಾತು ಎಂದು ಅವರಿಗೂ ಗೊತ್ತು. "ಬೇಜಾರು ಮಾಡ್ಕೋಬೇಡಿ"ಯೂ ಬೇಡ, ಬೇಜಾರಾಗುವಂಥದ್ದು ಏನೋ ಬರೆದಿದ್ದೀನಿ ಎಂದು ನೀವೇ ಸಾರಿದ ಹಾಗೆ. ಅದರ ಬದಲು ಕೊನೆಯ ಸಾಲು ಅವರ ಕಷ್ಟವನ್ನು ನಿಜವಾಗಿ ಇಳಿಸುತ್ತದೆ. ಮೇಲ್ ಟೈಪ್ ಮಾಡಲು ಹಿಂಜರಿಯುವ ಹಿರಿಯರು ಸ್ಟೋರ್ಸ್‌ನಲ್ಲಿ ಕಡಿಮೆಯೇನಿಲ್ಲ.

ಅಕ್ಟೋಬರ್ 16 ಎಲ್ಲಿಂದ ಬಂತು ಎಂದು ನಿಮಗೆ ತಿಳಿದಿರಲಿ, ಮೇಲ್‌ನಲ್ಲಿ ವಿವರಿಸುವುದು ಬೇಡ. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ತಯಾರಕರಾದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿರಲಿ, ಸರಕು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಸೆಪ್ಟೆಂಬರ್ 1ಕ್ಕೆ 45 ಸೇರಿಸಿದರೆ ಅಕ್ಟೋಬರ್ 16. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನವಷ್ಟೇ, ಅದು ಆಗಲೇ ಮುಗಿದಿದೆ. ಹಾಗಾಗಿ ಇವತ್ತೇ ಪರ್ಚೇಸ್ ಆರ್ಡರ್ ತೆಗೆದು ಪೇಮೆಂಟ್ ಅವಧಿ ಎಷ್ಟು ಬರೆದಿದೆ ನೋಡಿ, 30 ಎಂದಿದ್ದರೆ ಮೇಲ್‌ನ ಕೊನೆ ದಿನವನ್ನೂ ತಿದ್ದಿ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಜಿಆರ್‌ಎನ್ ಆಗದಿದ್ದರೆ ಒಪ್ಪಿಕೊಂಡ ಹಾಗೆ ಆಗುವುದಿಲ್ಲವಲ್ಲ ಎಂದು ಸ್ಟೋರ್ಸ್‌ನಲ್ಲಿ ಅನ್ನಬಹುದು. ಕಾಯ್ದೆ ಹಾಗೆ ಹೇಳುವುದಿಲ್ಲ. ಸರಕು ಬಂದ 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತದಿದ್ದರೆ ಸರಕು ಬಂದ ದಿನವೇ ಒಪ್ಪಿಕೊಂಡ ದಿನ. ಈ ಸರಕಿಗೆ ಆ ಗಡುವು ಸೆಪ್ಟೆಂಬರ್ 16ಕ್ಕೆ ಮುಗಿಯಿತು. ಅಂದರೆ ನೀವು ಮೊದಲ "ಸರ್" ಕಳಿಸುವ ಹೊತ್ತಿಗೇ ತಡವಾಗಿತ್ತು. ಮುಂದಿನ ಬಿಲ್ಲುಗಳಿಗೆ ಮೊದಲ ನೆನಪೋಲೆ ಸರಕು ಬಂದ ಹತ್ತನೇ ದಿನಕ್ಕೇ ಹೋಗಲಿ.

ಕಳಿಸುವ ಮುಂಚೆ ಒಂದು ಫೋನ್ ಮಾಡಿ, ಮೊಬೈಲಿಗಲ್ಲ, ಸ್ಟೋರ್ಸ್‌ನ ಇಂಟರ್‌ಕಾಮಿಗೆ, ಊಟದ ನಂತರ ಗಾಡಿಗಳ ಗಲಾಟೆ ತಗ್ಗಿದಾಗ. ಎತ್ತಿದರೆ "400 ಸರಿ ಇತ್ತಾ ಸರ್, ಏನಾದ್ರೂ ಕಡಿಮೆ ಬಂತಾ?" ಎಂದು ಶುರು ಮಾಡಿ. "ಆಯ್ತಾ" ಎಂದು ಕೇಳಬೇಡಿ. ಮಾತು ಮುಗಿದ ಮೇಲೂ ಮೇಲ್ ಹೋಗಲೇಬೇಕು, ಆಗ "ಈಗ ತಾನೇ ಮಾತಾಡಿದ ಹಾಗೆ" ಎಂದು ಒಂದು ಸಾಲು ಮೇಲೆ ಸೇರಿಸಿ. ಹಸಿರು ಮಾರ್ಗದ ಮೆಟ್ರೋ ಹತ್ತಿ ಪೀಣ್ಯಕ್ಕೇ ಹೋಗಿ ಎದುರು ನಿಂತರೆ ಜಿಆರ್‌ಎನ್ ಸಿಗುತ್ತದೆ, ನಿಜ. ಆದರೆ ಆಮೇಲೆ ಪ್ರತಿ ಬಿಲ್ಲಿಗೂ ನೀವೇ ಹೋಗಬೇಕಾಗುತ್ತದೆ.

ಮೇಲ್ ಅವರೊಬ್ಬರಿಗೇ ಇರಲಿ, ಮ್ಯಾನೇಜರ್‌ಗೆ ಪ್ರತಿ ಬೇಡ. ಪಟ್ಟಿ ಹೋಗುತ್ತದೆ ಎಂದು ಹೇಳಿದ ಮೇಲೆ, ಎರಡು ದಿನ ಮೊದಲೇ ಮ್ಯಾನೇಜರ್‌ಗೆ ತೋರಿಸಿದರೆ ಕೊಟ್ಟ ಗಡುವಿಗೆ ಅರ್ಥವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಒಂದೇ ಒಂದು ಮೆಸೇಜು: "ಸರ್, ಬಿಲ್ 218ರ 400 ಬ್ರ್ಯಾಕೆಟ್ ಬಗ್ಗೆ ಮೇಲ್ ಕಳಿಸಿದ್ದೇನೆ, ಬುಧವಾರ 3ರೊಳಗೆ ಉತ್ತರ ಬೇಕು." ಚಾಟ್ ಪಟ್ಟಿಯಲ್ಲಿ "??" ಇದ್ದ ಜಾಗಕ್ಕೆ ಈಗ ಬಿಲ್ ನಂಬರ್ ಬಂದು ಕೂರುತ್ತದೆ. ಹಳೆಯ ಮೆಸೇಜುಗಳನ್ನು ಅಳಿಸಲು ಹೋಗಬೇಡಿ. ಅಳಿಸಿದ್ದರ ಗುರುತು ಅಲ್ಲೇ ಉಳಿಯುತ್ತದೆ, ತಿದ್ದಲು ವಾಟ್ಸ್ಆ್ಯಪ್ ಕೊಡುವುದು 15 ನಿಮಿಷ ಮಾತ್ರ. ಬುಧವಾರ 3ರವರೆಗೆ ಬೇರೇನೂ ಕಳಿಸಬೇಡಿ. ನಡುವೆ ಒಂದು "ಸರ್?" ಹೋದರೂ ಗಡುವು ಮತ್ತೆ ಮೆತ್ತಗಾಗುತ್ತದೆ.

ಹೆಬ್ಬೆರಳು ಅಥವಾ "ಓಕೆ" ಬಂದರೆ ಅದು ಉತ್ತರವಲ್ಲ. "1 ಅಂತ ತಗೊಳ್ಳಲಾ" ಎಂದು ಕೇಳಬೇಡಿ, ಅದಕ್ಕೂ ಹೆಬ್ಬೆರಳೇ ಬರುತ್ತದೆ. "1, 2, 3ರಲ್ಲಿ ಯಾವುದು ಸರ್?" ಎಂದು ಒಂದು ಸಲ ಕೇಳಿ. "2, 12 ಕಡಿಮೆ" ಎಂದು ಬಂದರೆ ನಿಮ್ಮ ಕೆಲಸ ಮುಕ್ಕಾಲು ಆಯಿತು. 388ಕ್ಕೆ ಜಿಆರ್‌ಎನ್ ಮಾಡಿಸಿ. 12ರ ಬಾಬ್ತು 5,520, ಶೇ 18 ಜಿಎಸ್‌ಟಿ ಸೇರಿ 6,513 ರೂಪಾಯಿ 60 ಪೈಸೆ. ಅದನ್ನು ತಡೆಹಿಡಿದು, ಅಷ್ಟಕ್ಕೆ ಕ್ರೆಡಿಟ್ ನೋಟ್ ಕೊಡಲು ಸಪ್ಲೈಯರ್‌ಗೆ ಹೇಳಿ, ಉಳಿದದ್ದನ್ನು ಗುರುವಾರವೇ ಬಿಡಬಹುದೇ ಎಂದು ನಿಮ್ಮ ಮ್ಯಾನೇಜರ್‌ರನ್ನು ಕೇಳಿ. ಆರೂವರೆ ಸಾವಿರದ ತಕರಾರಿಗೆ ಎರಡು ಲಕ್ಷ ನಿಂತಿರಬಾರದು. ಸಪ್ಲೈಯರ್ ಫೋನ್ ಮಾಡಿದರೆ "ಸರಕಿನ ದೃಢೀಕರಣ ಬಾಕಿ ಇದೆ, ಗುರುವಾರ ಮಧ್ಯಾಹ್ನ ನಾನೇ ಫೋನ್ ಮಾಡ್ತೀನಿ" ಎಂದಷ್ಟೇ ಹೇಳಿ. ಸ್ಟೋರ್ಸ್‌ನವರ ಹೆಸರು ಹೊರಗಿನವರ ಬಾಯಿಗೆ ಹೋಗಬಾರದು.

ಬುಧವಾರ 3 ಆಯಿತು, ಏನೂ ಬರಲಿಲ್ಲ ಎಂದುಕೊಳ್ಳಿ. ಈ ಬಿಲ್ಲನ್ನು ಇಷ್ಟು ದಿನ ಪಟ್ಟಿಯಿಂದ ಹೊರಗಿಟ್ಟದ್ದು ಅವರ ಮೇಲಿನ ಪ್ರೀತಿಗೆ, ಆದರೆ ಅದರಿಂದ ಅಡಗಿದ್ದು ಒಂದು ಬಾಕಿ. 16 ದಾಟಿದರೆ "ಪಟ್ಟಿಯಲ್ಲಿ ಯಾಕಿರಲಿಲ್ಲ" ಎಂಬ ಪ್ರಶ್ನೆ ಬರುವುದು ನಿಮ್ಮ ಕಡೆಗೆ. ಆದ್ದರಿಂದ ಬರೆದ ಹಾಗೇ ಮಾಡಿ, ಕಾಲು ಗಂಟೆ ಕೂಡ ಹೆಚ್ಚು ಕೊಡಬೇಡಿ. ಪಟ್ಟಿಯ ಸಾಲು ಇಷ್ಟೇ ಇರಲಿ: "ಬಿಲ್ 218, ರೂ. 2,17,120, ಜಿಆರ್‌ಎನ್ ಬಾಕಿ, ಸ್ಟೋರ್ಸ್. ಕೇಳಿದ್ದು: ಸೆ. 22, ಸೆ. 29, ಅ. 6. ಕೊನೆ ದಿನ: ಅ. 16." ವಿಭಾಗದ ಹೆಸರಿದೆ, ವ್ಯಕ್ತಿಯ ಹೆಸರಿಲ್ಲ. ಉಳಿದ ಬಿಲ್ಲುಗಳ ಸಾಲಿನಂತೆಯೇ ಇದೂ ಒಂದು ಸಾಲು, ಕೆಂಪು ಬಣ್ಣ, ದಪ್ಪ ಅಕ್ಷರ ಬೇಡ.

5 ಗಂಟೆ ಐದು ನಿಮಿಷಕ್ಕೆ ಅವರೇ ಫೋನ್ ಮಾಡುವ ಸಾಧ್ಯತೆ ಹೆಚ್ಚು, ಸಿಟ್ಟಿನಲ್ಲಿ: "ಏನಮ್ಮಾ, ನನ್ನ ಮೇಲೇ ಬರೆದು ಕಳಿಸಿದೆಯಾ?" ಕ್ಷಮೆ ಕೇಳಬೇಡಿ, ವಿವರಣೆಗೂ ಇಳಿಯಬೇಡಿ. "ನಿಮ್ಮ ಹೆಸರಿಲ್ಲ ಸರ್, ಬಿಲ್ ನಂಬರ್ ಇದೆ. ಜಿಆರ್‌ಎನ್ ಆದ ತಕ್ಷಣ ಪಟ್ಟಿಯಿಂದ ಹೋಗತ್ತೆ. 400 ಸರಿ ಇತ್ತಾ, ಕಡಿಮೆ ಬಂದಿತ್ತಾ?" ಎಂದು ಕೇಳಿ, ಪೆನ್ನು ಹಿಡಿದು ಸುಮ್ಮನಿರಿ.